ಯಂತ್ರಕ್ಕೆ ತಿಳಿಯದ ಬೈಗುಳ

ನನ್ನ ಬಾಯಿ ಒರಟು. ಅವ್ವ ಹೇಳಿದ್ದಾಳೆ, ಕಟ್ಟಿಕೊಂಡವನು ಹೇಳಿದ್ದಾನೆ, ನಾನೂ ಒಪ್ಪಿಕೊಂಡಿದ್ದೇನೆ. ಅಂಥವಳನ್ನು ಹಿಡಿದು, ಜನರ ಮಾತಿನಲ್ಲಿ ಖುಷಿ ಯಾವುದು ಸಿಟ್ಟು ಯಾವುದು ಎಂದು ವಿಂಗಡಿಸುವ ಕೆಲಸಕ್ಕೆ ಮೇಲ್ವಿಚಾರಕಿ ಮಾಡಿದ್ದರು ನೋಡಿ, ನೆನೆದರೆ ಈಗಲೂ ನಗು ಬರುತ್ತದೆ.

ತಾಳವಾಡಿಯಲ್ಲಿ ಹಿಂಡಿ-ಬೂಸಾ ಅಂಗಡಿಯ ಮಹಡಿಯ ಮೇಲೆ ಐದು ಕಂಪ್ಯೂಟರು, ಐದು ಹುಡುಗಿಯರು, ನಾನು. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಆಗ ನಮ್ಮ ಫೋನುಗಳಲ್ಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಎಲ್ಲರೂ ಅರ್ಧ ಕನ್ನಡ ಅರ್ಧ ಇಂಗ್ಲಿಷನ್ನು ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟುತ್ತಿದ್ದರು. ಮೈಸೂರಿನ ಒಂದು ಸಣ್ಣ ಕಂಪನಿ, ಇಂಥ ಚಾಟ್ ಮೆಸೇಜು ಓದಿ ಬರೆದವರ ಮನಸ್ಸು ಹೇಳುವ ಪ್ರೋಗ್ರಾಂ ಮಾಡುತ್ತಿತ್ತು. ಒಪ್ಪಿ ಕೊಟ್ಟ ಕಾಲೇಜು ಹುಡುಗ ಹುಡುಗಿಯರ ಮೆಸೇಜುಗಳು, ಹೆಸರು ಅಳಿಸಿ ನಮಗೆ ಬರುತ್ತಿದ್ದವು. ಖುಷಿ, ಸಿಟ್ಟು, ಎರಡೂ ಅಲ್ಲ. ಮೂರರಲ್ಲಿ ಒಂದು ಗುಂಡಿ ಒತ್ತಬೇಕು, ಅಷ್ಟೇ. ಅದನ್ನು ನೋಡಿ ಯಂತ್ರ ಕಲಿಯುತ್ತದೆ.

ಒಂದು ಸೋಮವಾರ ಮೈಸೂರಿನ ಎಂಜಿನಿಯರು ಫೋನ್ ಮಾಡಿದರು. ಕೆಲಸ ಸರಿಯಾಗಿದೆಯೇ ಎಂದು ತಾಳೆ ನೋಡಲು, ತಾವೇ ಮೊದಲು ಉತ್ತರ ಬರೆದಿಟ್ಟ ಕೆಲವು ಮೆಸೇಜುಗಳನ್ನು ಅವರು ನಮ್ಮ ಕಂತೆಯೊಳಗೆ ಸೇರಿಸಿರುತ್ತಿದ್ದರು. "ನಿಮ್ಮ ತಿಗನಾರೆ ಊರಿನ ಹುಡುಗಿದು ಎಲ್ಲಾ ಉಲ್ಟಾ ಬರ್ತಿದೆ ಮೇಡಂ. ಶನಿವಾರದಿಂದ ಅವರು ಬೇಡ" ಎಂದರು.

ಆ ಹುಡುಗಿಯ ಮನೆಯಲ್ಲಿ ಅವಳ ಅವ್ವ, ಅಜ್ಜಿ ಎಲ್ಲರೂ ಕೂಲಿ ಮಾಡಿದವರು. ಅವರಲ್ಲಿ ಒಬ್ಬರು ನಮ್ಮಪ್ಪನ ಹೊಲದಲ್ಲೇ ಕಳೆ ಕಿತ್ತಿದ್ದರು. ಇವಳೊಬ್ಬಳು ಕುರ್ಚಿಯ ಮೇಲೆ ಕೂತಿದ್ದಳು. ಕುರ್ಚಿ ಹೋದರೆ ಮತ್ತೆ ಕುಡುಗೋಲೇ. ಅಷ್ಟೆಲ್ಲಾ ಗೊತ್ತಿದ್ದೂ ನಾನು ಮಾಡಿದ್ದೇನು? ಎಲ್ಲರೆದುರು ಬೈದೆ. "ಕಣ್ಣಿಟ್ಟು ಓದಕ್ಕಾಗಲ್ವೇನೇ? ತಿಂಗಳಾಯ್ತು ಕಲಿಯೋಕೆ!"

"ಆಗ್ಲಿ ಮೇಡಂ" ಎಂದಳು. ಅಲ್ಲಿಯವರೆಗೆ ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮಂಗಳವಾರವೂ "ಆಗ್ಲಿ ಮೇಡಂ", ಬುಧವಾರವೂ "ಆಗ್ಲಿ ಮೇಡಂ". ಪರವಾಗಿಲ್ಲ, ಬೈದದ್ದಕ್ಕೆ ಮರ್ಯಾದೆ ಬಂತು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಗುರುವಾರ ಮನಸ್ಸು ತಡೆಯದೆ ಅವಳ ತಪ್ಪುಗಳನ್ನು ತೆರೆದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಲನೆಯದು: "ಲೋ ಕೋತಿ, ಸತ್ತೋದ್ಯಾ? ಟೂ ಡೇಸ್ ನೋ ಮೆಸೇಜ್." ಮೈಸೂರಿನ ಉತ್ತರ ಸಿಟ್ಟು. ಇವಳು ಒತ್ತಿದ್ದು ಖುಷಿ.

"ಇದರಲ್ಲಿ ಖುಷಿ ಎಲ್ಲೈತೆ ಹೇಳು."

"ಮ್ಯಾಲಿನ ಸಾಲು ಓದಿ ಮೇಡಂ. ಮೊನ್ನೆ ಆ ಗೆಣೆಕಾರ ಉಸಾರಿಲ್ಲ ಅಂತ ಬರ್ದವ್ನೆ. ಇವ್ನಿಗೆ ಜೀವ ತಡೀನಿಲ್ಲ, ಅದ್ಕೆ ಬಯ್ತಾವ್ನೆ."

ಎರಡನೆಯದು: "ವಾವ್, ಸೂಪರ್ ಫ್ರೆಂಡ್ ನೀವು. ಥ್ಯಾಂಕ್ಯೂ ಸೋ ಮಚ್." ಮೈಸೂರಿನವರದು ಖುಷಿ, ಇವಳದು ಸಿಟ್ಟು. ಮೇಲಿನ ಸಾಲಿನಲ್ಲಿ ಆ ಗೆಳತಿ, ನಿನ್ನೆ ನಿನ್ನ ಬರ್ತ್‌ಡೇ ಅಲ್ವಾ, ಮರೆತೆ ಎಂದಿದ್ದಳು. ಇಬ್ಬರೂ ಅದುವರೆಗೆ ನೀನು ಎಂದೇ ಮಾತಾಡಿಕೊಂಡು ಬಂದವರು, ಇಲ್ಲಿ ಮಾತ್ರ ನೀವು.

ಉಳಿದ ನಾಲ್ವರು ಬೇಗ ಮುಗಿಸಲು ಒಂದೊಂದೇ ಸಾಲು ಓದಿ ಒತ್ತುತ್ತಿದ್ದರು. ಇವಳೊಬ್ಬಳೇ ಮೇಲೆ ಹೋಗಿ ಓದಿ ಬರುತ್ತಿದ್ದಳು.

"ನಮ್ಮವ್ವ, ಥೂ ಕತ್ತೆ, ಉಂಡ್ಕಂಡು ಓಗು ಅಂದ್ರೆ ಅದು ಪಿರೂತಿ," ಎಂದಳು. "ಬನ್ನಿ ತಾಯಿ, ಕೂತ್ಕಳಿ ಅಂದ್ರೆ ಅವತ್ತು ಒಡ್ತ ಗ್ಯಾರಂಟಿ. ನಮ್ಮಪ್ಪ ನೋಡಿ, ಆನೆ ನಮ್ಮ ತುಂಡು ಒಲ ತುಳ್ದಾಕ್ಬುಟ್ರೆ, ಆಹಾ, ಏನ್ ಚಂದಾಗಿ ಉತ್ತವ್ನೆ ಗಣಪ, ಕೂಲಿ ಕೊಟ್ಬುಡವ ಅಂತದೆ. ಅಂಗಂತ ಅಪ್ಪಂಗೆ ಖುಷಿ ಅಂತ ಒತ್ತಾಕಾಯ್ತದಾ?"

ನಕ್ಕೆ. ನಗುತ್ತಿದ್ದ ಹಾಗೇ ಹೊಳೆಯಿತು. ಅಕ್ಕ ಅನ್ನುತ್ತಿದ್ದವಳು ಮೂರು ದಿನದಿಂದ ಮೇಡಂ ಅನ್ನುತ್ತಿದ್ದಾಳೆ! ಅದು ಮರ್ಯಾದೆ ಎಂದು ನಾನು ಖುಷಿ ಗುಂಡಿ ಒತ್ತಿಕೊಂಡು ಕೂತಿದ್ದೆ.

"ತಪ್ಪಾಯ್ತು ಕಣವ್ವ" ಎಂದೆ. ಅವಳು ತಲೆ ತಗ್ಗಿಸಿ ಮೌಸನ್ನು ಸುಮ್ಮನೆ ಅತ್ತಿತ್ತ ಜರುಗಿಸಿದಳು.

ಆಮೇಲೆ ಫೋನ್ ಎತ್ತಿ ಮೈಸೂರಿನವರಿಗೆ ನನ್ನ ಒರಟು ಬಾಯಿಯ ಪರಿಚಯ ಮಾಡಿಸಿದೆ. ಶನಿವಾರ ಅವರು ಚಾಮರಾಜನಗರದ ಬಸ್ಸಿನಲ್ಲಿ ಬಂದೇ ಬಿಟ್ಟರು. ಒಳ್ಳೆಯ ಮನುಷ್ಯ, ಪಾಪ. ತಮ್ಮ ಪ್ರೋಗ್ರಾಂ ತಕ್ಕಡಿಯ ಹಾಗೆ ಎಂದು ವಿವರಿಸಿದರು. ಇಂಗ್ಲಿಷ್ ಪದಗಳ ದೊಡ್ಡ ಪಟ್ಟಿ, ಜೊತೆಗೆ ಒಂದಷ್ಟು ಕನ್ನಡ ಬೈಗುಳ. ಒಳ್ಳೆಯ ಪದಕ್ಕೆ ಒಂದು ತೂಕ, ಕೆಟ್ಟದ್ದಕ್ಕೆ ಇನ್ನೊಂದು, ಕೊನೆಗೆ ಕೂಡಿಸುವುದು. ಸೂಪರ್, ಥ್ಯಾಂಕ್ಸ್ ಕಂಡರೆ ತಕ್ಕಡಿ ಖುಷಿಯ ಕಡೆಗೆ ವಾಲುತ್ತದೆ. ಉಳಿದ ಕನ್ನಡಕ್ಕೆ ತೂಕವೇ ಇಲ್ಲ. ಉತ್ತರಗಳನ್ನೂ ಅವರು ಒಂದೊಂದೇ ಸಾಲು ನೋಡಿ ಒಬ್ಬರೇ ಬರೆದಿದ್ದರು.

ಐದೂ ಜನರಿಗೆ ಒಂದೇ ಕಂತೆ ಕೊಟ್ಟು, ಮೊದಲು ಮೇಲಿನ ಸಾಲುಗಳನ್ನು ಮುಚ್ಚಿ ಒತ್ತಿಸಿದರು. ಒಬ್ಬೊಬ್ಬಳದು ಒಂದೊಂದು ಉತ್ತರ. ಮೇಲಿನ ಸಾಲು ತೋರಿಸಿ ಮತ್ತೆ ಒತ್ತಿಸಿದಾಗ ಹೆಚ್ಚಿನವು ಕೂಡಿಬಂದವು, ಅದೂ ತಿಗನಾರೆಯವಳ ಹಳೆಯ ಉತ್ತರದ ಜೊತೆಗೇ. ಎಂಜಿನಿಯರು ತಮ್ಮ ಉತ್ತರದ ಹಾಳೆಯನ್ನು ತಾವೇ ತಿದ್ದುತ್ತಾ ಕೂತರು. ತಲೆ ಎತ್ತಿ, "ಇವರನ್ನ ಕಳಿಸಬೇಡಿ ಮೇಡಂ. ಈ ಉತ್ತರಗಳನ್ನ ಇವರ ಹತ್ರನೇ ಬರೆಸೋಣ" ಎಂದರು. ನಾನು ಎದ್ದು ಹೋಗಿ ಎಲ್ಲರಿಗೂ ಟೀ ಹೇಳಿ ಬಂದೆ. ಕಣ್ಣು ಒರೆಸಿಕೊಳ್ಳಲು ಮೆಟ್ಟಿಲು ಬೇಕಾಗಿತ್ತು.

ಅವತ್ತಿನಿಂದ ಮಾಡಿದ್ದು ಯಾವ ಘನಂದಾರಿ ವಿದ್ಯೆಯೂ ಅಲ್ಲ. "ಚೆನ್ನಾಗಿದೆ" ಒಂದನ್ನೇ ಜನ ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಥರ ಬರೆಯುತ್ತಾರೆ, ಯಂತ್ರಕ್ಕೆ ಅವು ಹತ್ತು ಬೇರೆ ಪದ. ಹುಡುಗಿಯರು ಕೂತು ಎಲ್ಲವನ್ನೂ ಒಂದೇ ಪದದ ಲೆಕ್ಕಕ್ಕೆ ತಂದರು. ಇಂಗ್ಲಿಷಿನ "ನಾಟ್" ಪದಕ್ಕಿಂತ ಮೊದಲು ಬಂದರೆ ನಮ್ಮ "ಇಲ್ಲ" ಪದ ಆದ ಮೇಲೆ ಬರುತ್ತದೆ. "ಸರ್ವೀಸ್ ಗುಡ್ ಇಲ್ಲ" ಅಂದಾಗ ಹಿಂದಿನ ಪದವನ್ನು ತಿರುಗಿ ನೋಡಿ "ಗುಡ್" ಅನ್ನು ಕೆಟ್ಟದ್ದಕ್ಕೆ ಮಗುಚಲು ಕಲಿಸಿದರು. ಹೊಗಳಿಕೆಯ ಪಕ್ಕದಲ್ಲೇ ನಷ್ಟದ ಮಾತಿದ್ದರೆ ಅನುಮಾನಪಡು ಎಂಬ ನಿಯಮವನ್ನೂ ಸೇರಿಸಿದರು; ಅದಕ್ಕೆ ನಾವು ಇಟ್ಟ ಹೆಸರು ಆನೆ ನಿಯಮ. ಮೇಲಿನ ಸಾಲನ್ನೂ ಲೆಕ್ಕಕ್ಕೆ ತಗೋ ಎಂದರು. ಪ್ರತಿ ಮೆಸೇಜಿಗೂ ಇಬ್ಬರು ಒತ್ತಬೇಕು. ಯಂತ್ರಕ್ಕೆ ಅನುಮಾನ ಬಂದರೆ ಸುಳ್ಳು ಧೈರ್ಯ ಬೇಡ, "ತಿಳಿಯದು" ಎಂಬ ನಾಲ್ಕನೆಯ ಗುಂಪಿಗೆ ಹಾಕಿ ನಮಗೆ ಕಳಿಸಲಿ. ತಪ್ಪುಗಳು ಕಡಿಮೆಯಾದವು. ಪೂರ್ತಿ ಹೋಗಲಿಲ್ಲ. ಒಂದು ಮೇಡಂ ಮಾತಿನ ಅರ್ಥ ಮೂರು ದಿನ ನನಗೇ ತಿಳಿದಿರಲಿಲ್ಲ, ಯಂತ್ರವನ್ನು ಏನಂತ ಬೈಯಲಿ?

ಅವಳು ಮತ್ತೆ ಅಕ್ಕ ಎನ್ನತೊಡಗಿದಳು. ಆದರೆ ನೀವು ಎನ್ನುವುದನ್ನು ಬಿಡಲಿಲ್ಲ. ಅವಳ ಮನೆಯವರು ನಮ್ಮ ಮನೆಯವರಿಗೆ ಎಂದೂ ನೀನು ಅಂದವರಲ್ಲ. ಬಿಡು ಎಂದು ನಾನೂ ಹೇಳಲಾರದೆ ಹೋದೆ.

ಮಳೆಗಾಲದಲ್ಲಿ ನನಗೆ ಜ್ವರ ಬಂತು. ಬೇಡವೆಂದರೂ ಕೇಳದೆ ಕೆಲಸಕ್ಕೆ ಹೋಗಿ, ನಡುಗುತ್ತಾ ಮನೆಗೆ ಬಂದ ಸಂಜೆ ಫೋನ್ ಕಿಣಿಕಿಣಿ ಎಂದಿತು, ಅವಳ ಮೆಸೇಜು. "ಅಕ್ಕ ನಿಂಗೇನ್ ತಲೆ ಕೆಟ್ಟಿದ್ದಾ? ಫೀವರ್ ಇಟ್ಕಂಡು ವರ್ಕ್ ಮಾಡ್ತೀಯಾ? ನಾಳೆ ಬಂದ್ರೆ ಡೋರ್ ತೆಗ್ಯಲ್ಲ. ಗಂಜಿ ಕುಡ್ದು ಮಲಿಕ್ಕೋ."

ನಿಂಗೆ. ಮಾಡ್ತೀಯಾ. ಮಲಿಕ್ಕೋ. ಎಷ್ಟು ಸಲ ಓದಿದೆನೋ.

ಜ್ವರ ಬಿಟ್ಟು ಹೋದ ದಿನ ಅದನ್ನು ಕಂಪ್ಯೂಟರಿಗೆ ಹಾಕಿದೆ. ಯಂತ್ರ "ತಿಳಿಯದು" ಎಂದಿತು. ಭೇಷ್ ಎಂದುಕೊಂಡು ಖುಷಿ ಒತ್ತಿದೆ. ಇಬ್ಬರು ಒತ್ತಬೇಕಲ್ಲ, ಅವಳನ್ನೇ ಕರೆದೆ. ಓದಿದಳು. ಕಿವಿಯವರೆಗೂ ಕೆಂಪಾದಳು.

"ಇದು ಬೈಗುಳನೇಯ ಕಣಕ್ಕ. ನಿಜ್ವಾಗ್ಲೂ ಕ್ವಾಪ ಬಂದಿತ್ತು ನಂಗೆ" ಎಂದಳು.

ಎಂದು, ಖುಷಿ ಒತ್ತಿ, ತನ್ನ ಕುರ್ಚಿಗೆ ಹೋಗಿ ಕೂತಳು.