ಒಂದೇ ಅಳತೆಯ ಡಬ್ಬಿಗಳು

ನಮ್ಮ ಹೊಸ ಫ್ಲ್ಯಾಟಿಗೆ ಮೂರು ಗೋಡೆ ಗಡಿಯಾರಗಳು ಉಡುಗೊರೆಯಾಗಿ ಬಂದವು. ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ. ಕೇಳಿದವರು ನಗುತ್ತಾರೆ. ನಗಲಿ, ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವು ಬಹಳ ವರ್ಷ ಇದ್ದೆವು. ಕೆಲಸದಲ್ಲಿದ್ದವಳು ನಾನು, ಮನೆಯೂ ನನ್ನ ಹೆಸರಿಗೇ ಸಿಕ್ಕಿತ್ತು. ಇವರು ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದರು. ಗ್ಲಾಕೋಮ ಬಂದು ದೃಷ್ಟಿ ಅಂಚಿನಿಂದ ಒಳಗೊಳಗೆ ಮುಚ್ಚಿಕೊಳ್ಳುತ್ತಾ ಬಂತು. ಕೊನೆಗೆ ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ಉಳಿಯಿತು. ಕೆಲಸ ಬಿಟ್ಟರು, ಓದುವುದು ಬಿಟ್ಟರು, ಒಬ್ಬರೇ ಹೊರಗೆ ಹೋಗುವುದನ್ನೂ ಬಿಟ್ಟರು. ಬಿಡದೆ ಹಿಡಿದುಕೊಂಡಿದ್ದು ಒಂದೇ, ಕಾಫಿ. ಬೆಳಿಗ್ಗೆ ಮತ್ತು ಸಂಜೆ ಮನೆಯವರಿಗೆಲ್ಲ ಇವರದೇ ಕೈ ಕಾಫಿ. ನಾನು ಅಡುಗೆಮನೆಗೆ ಕಾಲಿಟ್ಟರೆ, "ನೀನು ಹೋಗು, ನನ್ನ ಡ್ಯೂಟಿ ಇದು" ಎಂದು ಓಡಿಸುತ್ತಿದ್ದರು. ಅದೊಂದು ಕೆಲಸ ಇದ್ದುದರಿಂದ ಅವರು ಆ ಮನೆಯ ಯಜಮಾನರಾಗಿಯೇ ಇದ್ದರು.

ನನ್ನ ನಿವೃತ್ತಿ ಹತ್ತಿರ ಬಂದಾಗ ಕ್ವಾರ್ಟರ್ಸ್ ಬಿಡಲೇಬೇಕಾಯಿತು. ಫರೀದಾಬಾದಿನಲ್ಲಿ ಎರಡು ಕೋಣೆಯ ಚಿಕ್ಕ ಫ್ಲ್ಯಾಟ್ ತೆಗೆದುಕೊಂಡೆವು. ಮೊದಲು ಪುರೋಹಿತರನ್ನು ಕರೆಸಿ, ಮನೆಮಂದಿಯಷ್ಟೇ ಇದ್ದು ಹಾಲುಕ್ಕಿಸಿ, ಅಲ್ಲಿಗೆ ಇರಲು ಬಂದುಬಿಟ್ಟೆವು. ನೆಂಟರಿಷ್ಟರನ್ನು ಆಮೇಲೊಂದು ಭಾನುವಾರ ಊಟಕ್ಕೆ ಕರೆಯುವುದು ಎಂದು ಮಾತಾಡಿಕೊಂಡೆವು. ನಡುವೆ ಸಿಕ್ಕ ದಿನಗಳಲ್ಲಿ ಇವರು ಮನೆಯನ್ನು ಕೈಯಿಂದ ಕಲಿತರು. ಗೋಡೆ ಸವರುತ್ತಾ ಹೋಗುವುದು, ಬಾಗಿಲ ಚೌಕಟ್ಟು ಸಿಕ್ಕಾಗ ನಿಲ್ಲುವುದು, ಕಟ್ಟೆಯ ಅಂಚು ಹಿಡಿದು ಬಲಕ್ಕೆ ಸರಿಯುವುದು. ಇಂಡಕ್ಷನ್ ಒಲೆಯ ಗುಂಡಿಗಳ ಮೇಲೆ ಮಗಳು ಉಬ್ಬು ಚುಕ್ಕಿಗಳನ್ನು ಅಂಟಿಸಿಕೊಟ್ಟಳು. ಡಬ್ಬಿಗಳು ಹಳೆಯವೇ. ಸಕ್ಕರೆಗೆ ಉದ್ದನೆಯ ಸ್ಟೀಲ್ ಡಬ್ಬಿ, ಕಾಫಿಪುಡಿಗೆ ಚೌಕದ ತಗಡಿನ ಡಬ್ಬಿ, ಉಪ್ಪಿಗೆ ಉಪ್ಪಿನಕಾಯಿಯ ಪುಟ್ಟ ಪಿಂಗಾಣಿ ಭರಣಿ. ಒಂದರ ಹಾಗೆ ಇನ್ನೊಂದಿಲ್ಲ. ನೋಡಲು ಅಂದವಿರಲಿಲ್ಲ, ಒಪ್ಪುತ್ತೇನೆ. ಮುಟ್ಟಿದರೆ ಗೊತ್ತಾಗಬೇಕು, ಅಷ್ಟೇ ನಮಗೆ ಬೇಕಿದ್ದದ್ದು.

ಊಟಕ್ಕೆ ಕರೆಯುವಾಗ ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ, ಉಡುಗೊರೆ ದಯವಿಟ್ಟು ಬೇಡ ಎಂದು ಬರೆದೆ. ನಮ್ಮವರಿಗೆ "ಬೇಡ" ಎಂದರೆ ಸಂಕೋಚಕ್ಕೆ ಹೇಳುವ ಮಾತು. ಒಬ್ಬರು ಫೋನ್ ಮಾಡಿ, "ಅಯ್ಯೋ, ಹೊಸ ಮನೆಗೆ ಬರಿಗೈಲಿ ಬರೋಕಾಗತ್ತಾ? ಏನು ಬೇಕು ಹೇಳಿ" ಎಂದರು. ಇನ್ನೊಬ್ಬರು ಗಣಪತಿ ತರುತ್ತೇವೆ ಎಂದರು. ಎರಡನೆಯ ಗಣಪತಿ ಕೇಳಿಬಂದಾಗ ಗುರುಗ್ರಾಮದಲ್ಲಿ ಕೆಲಸ ಮಾಡುವ ನನ್ನ ಮಗಳು ತಲೆ ಚಚ್ಚಿಕೊಂಡಳು.

"ಅಮ್ಮ, ಬೇಡ ಅಂದ್ರೆ ಕೇಳಲ್ಲ ಇವ್ರು. ಏನು ಬೇಕೋ ಸೀದಾ ಬೋಲ್ ದೋ ನಾ, ಹೇಳ್ಬಿಡೋಣ. ಒಂದು ಮನೆಗೆ ಒಂದು ಐಟಂ. ಯಾರು ತಗೊಂಡ್ರು ಅಂತ ಗ್ರೂಪಲ್ಲೇ ಹಾಕ್ಲಿ. ಎಲ್ರಿಗೂ ಕಾಣ್ಸತ್ತೆ, ಡಬಲ್ ಆಗಲ್ಲ."

ಬಾಯಿಬಿಟ್ಟು ಕೇಳಲು ನನಗೆ ಮುಜುಗರ. ಆದರೂ ಮಗಳು ಗುಂಪಿನಲ್ಲಿ ಬರೆದಳು. ಅಪ್ಪನಿಗೆ ಕಾಣುವುದಿಲ್ಲ, ಆದ್ದರಿಂದ ನೆಲದ ಮೇಲೆ ನಿಲ್ಲುವಂಥದ್ದು, ಶೆಲ್ಫ್ ತುಂಬುವಂಥದ್ದು ಬೇಡ. ಬಳಸಿ ಮುಗಿಯುವಂಥದ್ದು, ಗೋಡೆಗೆ ಭದ್ರವಾಗಿ ಕೂರುವಂಥದ್ದು ಸಾಕು ಎಂದು ಮೊದಲೇ ಹೇಳಿದಳು. ಬಚ್ಚಲಲ್ಲಿ ಹಿಡಿದುಕೊಳ್ಳಲು ಸ್ಟೀಲ್ ಹಿಡಿ, ಜಾರದ ಮ್ಯಾಟ್, ಊರಿನ ಕಾಫಿಪುಡಿ, ಸೋನಾಮಸೂರಿ ಅಕ್ಕಿ, ಬಾಗಿಲ ಹಿಂದಿನ ಕೊಕ್ಕೆಗಳು, ಇಂಥವು. ಗೋಡೆ ಕೊರೆದು ಹಿಡಿಯನ್ನು ಕೂರಿಸಲು ಮಿಸ್ತ್ರಿ ಭಯ್ಯಾನನ್ನು ಕಳಿಸಿಕೊಟ್ಟರೆ ಅದೇ ಒಂದು ಉಡುಗೊರೆ ಎಂದೂ ಬರೆದಳು. ಸಂಜೆಯೊಳಗೆ ಎಲ್ಲವನ್ನೂ ಜನ ಹಂಚಿಕೊಂಡರು. "ಮ್ಯಾಟ್ ನಮ್ಮದು." "ಅಕ್ಕಿ ನಾವು." ಎಷ್ಟು ಸಲೀಸಾಗಿ ನಡೆಯಿತೆಂದರೆ ನನ್ನ ಮುಜುಗರಕ್ಕೇ ನಾಚಿಕೆಯಾಯಿತು.

ಆಮೇಲೆ ನನ್ನ ಅತ್ತಿಗೆ, ಅಂದರೆ ಇವರ ಅಕ್ಕ, ಕೈ ಹಾಕಿದರು. ಮಗ ದೊಡ್ಡ ಅಧಿಕಾರಿ, ಲೋಧಿ ಕಾಲೋನಿಯಲ್ಲಿ ಅವನ ಜೊತೆ ಇದ್ದಾರೆ. ತಮ್ಮನ ಮನೆಗೆ ಜನ ಬಚ್ಚಲ ಮ್ಯಾಟ್ ತಂದುಕೊಡುವುದು ಅವರಿಗೆ ಅವಮಾನವಾಗಿ ಕಂಡಿತು. ನನಗೆ ಒಂದು ಮಾತು ಹೇಳಲಿಲ್ಲ. ಗುಂಪಿನಲ್ಲೂ ಬರೆಯಲಿಲ್ಲ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡಿ, ಅವಳು ಸಂಕೋಚದ ಹೆಂಗಸು, ಚಿಲ್ಲರೆ ಸಾಮಾನು ಕೇಳಿದ್ದಾಳೆ, ಅದರ ಜೊತೆಗೆ ಕಣ್ಣಿಗೆ ಕಾಣುವಂಥದ್ದು ಏನಾದರೂ ತನ್ನಿ, ಅವಳಿಗೆ ಹೇಳಬೇಡಿ ಎಂದರು. ಎಲ್ಲರೂ ಒಪ್ಪಿದರು. ಮ್ಯಾಟ್ ಒಂದನ್ನೇ ಹಿಡಿದು ಬರಲು ಅವರಿಗೂ ಒಳಗೊಳಗೇ ನಾಚಿಕೆ ಇತ್ತಲ್ಲ! ಯಾರು ಏನು ತರುತ್ತಾರೆ ಎಂಬುದು ಎಲ್ಲರಿಗೂ ಕಾಣುವಂತೆ ಮಗಳು ಮಾಡಿದ್ದಳು. ಯಾರಿಗೂ ಕಾಣದಂತೆ ಅತ್ತಿಗೆ ಮಾಡಿಟ್ಟರು.

ಭಾನುವಾರ ಬಾಗಿಲು ತೆರೆದಷ್ಟು ಸಲವೂ ಒಂದು ಹೊಳೆಯುವ ಪೊಟ್ಟಣ ಒಳಗೆ ಬಂತು. ಗಡಿಯಾರ, ಗಣಪತಿ, ಮತ್ತೆ ಗಡಿಯಾರ, ಆಳೆತ್ತರದ ಹಿತ್ತಾಳೆ ದೀಪ, ಮತ್ತೂ ಗಡಿಯಾರ. "ಇದೆಲ್ಲ ಯಾಕೆ?" ಎಂದರೆ, "ಇರ್ಲಿ ಬಿಡಿ, ನೆನಪಿಗೆ" ಎನ್ನುತ್ತಿದ್ದರು. ಯಾವ ನೆನಪು? ಸೋಫಾದ ಪಕ್ಕ, ಹಾಲ್‌ನಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಡಬ್ಬಗಳು ಏರಿದವು. ನಾನು ಬಡಿಸುವುದನ್ನು ಬಿಟ್ಟು ಅವನ್ನು ಮಂಚದ ಕೆಳಗೆ ದೂಡುತ್ತಿದ್ದೆ. ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ಬಂದವರ ಮುಂದೆ ಸಿಡುಕಬಾರದು ಎಂದು ಕಲಿಸಿದವರ ಮೇಲೂ ಆಗ ಸಿಟ್ಟು ಬಂತು.

ಆ ಪೊಟ್ಟಣಗಳಲ್ಲಿ ಎರಡು ಮನೆಯವರು ತಂದ ಡಬ್ಬಿಗಳ ಸೆಟ್ಟುಗಳೂ ಇದ್ದವು. ಒಂದೇ ಅಂಗಡಿಯವು, ಒಂದೇ ಬಣ್ಣ, ಒಂದೇ ಅಳತೆ. ಮೇಲೆ ಬಂಗಾರದ ಅಕ್ಷರಗಳಲ್ಲಿ ಶುಗರ್, ಸಾಲ್ಟ್, ಕಾಫಿ ಎಂದು ಬರೆದಿತ್ತು. ಊಟವಾದ ಮೇಲೆ ನಾನು ಹಾಲ್‌ನಲ್ಲಿ ತಾಂಬೂಲ ಕೊಡುತ್ತಿದ್ದೆ. ಅಷ್ಟರಲ್ಲಿ ಅತ್ತಿಗೆ ಅಡುಗೆಮನೆಗೆ ಹೋಗಿ, ಒಂದು ಸೆಟ್ಟು ಬಿಚ್ಚಿ, ಹಳೆಯ ಡಬ್ಬಿಗಳಲ್ಲಿದ್ದುದನ್ನು ಹೊಸದಕ್ಕೆ ಸುರಿದು, ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದರು. ಹಳೆಯವನ್ನು ಪಾತ್ರೆ ತೊಳೆಯಲು ಬಂದಿದ್ದ ಹೆಂಗಸಿಗೆ ಕೊಟ್ಟು ಕಳಿಸಿದರು. ನನಗೆ ಇದಾವುದೂ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಇವರು ಎದ್ದರು. "ಎಲ್ರೂ ಕೂತಿರಿ. ಈ ಮನೇಲಿ ಕಾಫಿ ನನ್ನದು" ಎಂದರು. ಅದಕ್ಕಾಗಿ ಅವರು ಬೆಳಿಗ್ಗೆಯಿಂದ ಕಾದಿದ್ದು ನನಗೊಬ್ಬಳಿಗೇ ಗೊತ್ತು. ಸ್ನಾನವಾದೊಡನೆಯೇ ಫಿಲ್ಟರಿಗೆ ಪುಡಿ ಹಾಕಿ ಡಿಕಾಕ್ಷನ್ ಇಳಿಸಿಟ್ಟಿದ್ದರು. ಹೊಸ ಮನೆಯಲ್ಲೂ ತನ್ನ ಕೈ ನಡೆಯುತ್ತದೆ ಎಂದು ಎಲ್ಲರಿಗೂ ತೋರಿಸಬೇಕಿತ್ತು. ಗೋಡೆ ಸವರಿಕೊಂಡು ಹೋದರು. ಹಾಲು ಕಾದ ಸದ್ದು, ಲೋಟಗಳ ಸದ್ದು ಕೇಳಿಸಿತು. ನಡುವೆ ಒಮ್ಮೆ, "ಇದೇನೇ, ಡಬ್ಬಿ ಬದಲಾಗಿದೆಯಾ?" ಎಂದು ಕೂಗಿದರು. ನಾನು ಬಾಗಿಲಲ್ಲಿ ಯಾರನ್ನೋ ಬೀಳ್ಕೊಡುತ್ತಿದ್ದೆ. ಅತ್ತಿಗೆ ಕೂತಲ್ಲಿಂದಲೇ, "ಹೊಸದು ಕಣೋ, ಎಡಗಡೆಯಿಂದ ಎರಡನೇದು ಸಕ್ಕರೆ" ಎಂದರು. ಅವರು ಹೇಳಿದ್ದು ತಪ್ಪು. ಎಡದಿಂದ ಎರಡನೆಯದು ಉಪ್ಪು.

ಮೊದಲ ಗುಟುಕಿಗೇ ಒಬ್ಬರು ಕೆಮ್ಮಿದರು. ಇನ್ನೊಬ್ಬರು ಬಾಯಿಗೆ ಸೆರಗು ಹಿಡಿದರು. ಆಮೇಲೆ ಯಾರೋ ಕಿಸಕ್ಕೆಂದರು, ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಅದೂ ನನಗೆ ಗೊತ್ತು. "ಪರವಾಗಿಲ್ಲ ಬಿಡಿ ಸಾರ್, ಎಲ್ರಿಗೂ ಆಗತ್ತೆ" ಎಂದರು. ಇವರೂ ನಕ್ಕರು. ನಗುತ್ತಲೇ ಕೈಯಲ್ಲಿದ್ದ ಲೋಟಗಳ ತಟ್ಟೆಯನ್ನು ಇಡಲು ಮೇಜನ್ನು ಹುಡುಕಿದರು. ಮೇಜಿನ ಮೇಲೆ ಗಡಿಯಾರದ ಡಬ್ಬ ಇತ್ತು. ತಟ್ಟೆ ಕೈಯಲ್ಲೇ ಉಳಿಯಿತು. ಮಗಳು ಓಡಿ ಬಂದು ಅದನ್ನು ತೆಗೆದುಕೊಂಡಳು.

ನಾನು ಅಡುಗೆಮನೆಗೆ ಹೋಗಿ ನೋಡಿದೆ. ಆಮೇಲೆ ಹಾಲ್‌ಗೆ ಬಂದೆ.

"ಅತ್ತಿಗೆ, ನನ್ನ ಡಬ್ಬಿಗಳು ಎಲ್ಲಿ?"

"ಆ ಡೊಂಕು ತಗಡುಗಳಾ? ಕೊಟ್ಟುಬಿಟ್ಟೆ. ಹೊಸ ಮನೇಲಿ ಅವು ಶೋಭಿಸತ್ತಾ? ಮನೆ ಚೆನ್ನಾಗಿ ಕಾಣ್ಲಿ ಅಂತ ತಾನೇ ಮಾಡಿದ್ದು?"

"ಯಾರಿಗೆ ಕಾಣ್ಲಿ ಅಂತ? ಇವರಿಗಾ?"

ನಾನು ಮಂಚದ ಕೆಳಗಿನ ಪೊಟ್ಟಣಗಳನ್ನೆಲ್ಲ ಎಳೆದು ಲಿಫ್ಟಿನ ಮುಂದೆ ಇಟ್ಟೆ. ದೀಪ ಭಾರವಾಗಿತ್ತು, ಅದನ್ನು ತಬ್ಬಿಕೊಂಡು ಹೋದೆ. ವಾಪಸ್ ಬಂದು ಎಲ್ಲರಿಗೂ ಹೇಳಿದೆ: "ಮ್ಯಾಟು, ಅಕ್ಕಿ, ಕಾಫಿಪುಡಿ ಕೊಟ್ಟಿದ್ದೀರಿ, ಕೈ ಮುಗೀತೀನಿ. ಹಿಡಿ ಕೂರಿಸಿ ಕೊಟ್ಟವರಿಗಂತೂ ಸಾಯೋತನಕ ಋಣಿ. ಉಳಿದಿದ್ದು ನಿಮ್ಮನಿಮ್ಮದು ತಗೊಂಡು ಹೋಗಿ. ಇಡೋಕೆ ಜಾಗ ಇಲ್ಲ ಅಂತ ಹೇಳ್ತಿಲ್ಲ. ಇಟ್ಟರೆ ಇವರಿಗೆ ಓಡಾಡೋಕೆ ಜಾಗ ಇರಲ್ಲ."

"ದೇವರ ಮೂರ್ತಿ ವಾಪಸ್ ಕೊಡ್ತಾರೇನೇ? ಹುಚ್ಚು ಹಿಡೀತಾ ನಿನಗೆ?" ಎಂದರು ಅತ್ತಿಗೆ. ಹಿಡಿದಿದೆ ಎಂದೆ. ಕೆಲವರು ತಲೆ ತಗ್ಗಿಸಿ ತಮ್ಮ ಪೊಟ್ಟಣ ಎತ್ತಿಕೊಂಡರು. ಇಬ್ಬರು ಮುಖ ಗಂಟಿಕ್ಕಿಕೊಂಡು ಹೋದರು, ಈಗಲೂ ಮಾತಾಡುವುದಿಲ್ಲ. ಅತ್ತಿಗೆ ಹೋಗುವಾಗ ಕುಂಕುಮವನ್ನೂ ತೆಗೆದುಕೊಳ್ಳಲಿಲ್ಲ. ಇವರು, "ಅಕ್ಕ ಬೇಕೂಂತ ಮಾಡಿದ್ದಲ್ಲ ಕಣೆ" ಎಂದರು. ಬೇಕೆಂದು ಮಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಪ್ರೀತಿಯಿಂದ ಮಾಡಿದವರ ಮೇಲಿನ ಸಿಟ್ಟನ್ನು ಎಲ್ಲಿ ಹಾಕುವುದು?

ಪಾತ್ರೆ ತೊಳೆಯುವ ಹೆಂಗಸು ಡಬ್ಬಿಗಳನ್ನು ಆಗಲೇ ಯಾರಿಗೋ ಕೊಟ್ಟಾಗಿತ್ತು, ಅವಳದೇನು ತಪ್ಪು? ನಾನೂ ಮಗಳೂ ಬಜಾರು ಸುತ್ತಿ ಉದ್ದದ್ದು, ಚೌಕದ್ದು, ಗಿಡ್ಡದ್ದು ಎಂದು ಬೇರೆಬೇರೆ ಆಕಾರದವನ್ನು ಹುಡುಕಿ ತಂದೆವು. ಇವರ ಕೈ ಹಿಡಿದು ಒಂದೊಂದನ್ನೂ ಮುಟ್ಟಿಸಿದೆ. ಅವರು ಕಲಿತರು. ಬೇಗನೇ ಕಲಿತರು.

ಈಗಲೂ ಎರಡು ಹೊತ್ತು ಅವರದೇ ಕಾಫಿ. ಆದರೆ ನೆಂಟರು ಬಂದಾಗ ಏಳುವುದಿಲ್ಲ, "ನೀನೇ ಮಾಡು" ಎನ್ನುತ್ತಾರೆ. ನಾವಿಬ್ಬರೇ ಇದ್ದಾಗ, ಡಬ್ಬಿಯ ಆಕಾರ ಕೈಗೆ ಸರಿಯಾಗಿ ಸಿಕ್ಕಿದ ಮೇಲೂ, ಮುಚ್ಚಳ ತೆಗೆದು ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಾರೆ. ಈ ಮನೆಯಲ್ಲಿ ನಾನಲ್ಲದೆ ಆ ಡಬ್ಬಿಗಳನ್ನು ಮುಟ್ಟುವವರು ಯಾರೂ ಇಲ್ಲ. ಆದರೂ ನೆಕ್ಕಿ ನೋಡಿಯೇ ಸಕ್ಕರೆ ಹಾಕುತ್ತಾರೆ.