ಕೊನೆಯ ಮಾತು ಕೊನೆಗೆ

ಮುಂಬಯಿ ಕಡೆಯ ಡೊಂಬಿವಲಿಯಿಂದ ಥಾಣೆಗೆ ಎಂಟು ಹನ್ನೆರಡರ ಫಾಸ್ಟ್ ಲೋಕಲ್ ರೈಲಿನಲ್ಲಿ ಕುಶಲ ಹನ್ನೊಂದು ವರ್ಷದಿಂದ ಓಡಾಡುತ್ತಿದ್ದಳು. ಲೇಡೀಸ್ ಡಬ್ಬಿಯಲ್ಲಿ ಅವಳದೊಂದು ಗುಂಪೂ ಇತ್ತು. ಆ ಗುಂಪಿನಲ್ಲಿ ಅವಳ ಕೆಲಸ ಎಲ್ಲರ ಮಾತಿಗೂ ನಗುವುದು. ಥಾಣೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಕುಳಿತು ದಿನಕ್ಕೆ ನೂರು ಜನರ ಹೆಸರು, ವಯಸ್ಸು ಕೇಳುವ ಹೆಂಗಸು, ನಾಲ್ಕು ಜನರ ನಡುವೆ ತನ್ನದೊಂದು ಮಾತು ಹೇಳಬೇಕೆಂದರೆ ನಾಲಿಗೆ ಒಣಗಿ ಕೂರುತ್ತಿದ್ದಳು.

ಕನ್ನಡ ಸಂಘದ ಕೋಣೆಯಲ್ಲಿ ಭಾನುವಾರ ನಾಲ್ಕಕ್ಕೆ ‘ಜೋಕು ಹೇಳಲು ಕಲಿಯಿರಿ, ನಾಚಿಕೆಯವರಿಗೆ ಮಾತ್ರ’ ಎಂಬ ಚೀಟಿ ಅಂಟಿಸಿದವರು ತಾರಾನಾಥ ಮಾಸ್ತರರು. ನಿವೃತ್ತ ಶಾಲಾ ಮಾಸ್ತರು. ಸೇರಿದವರು ಆರು ಮಂದಿ. ಕುಶಲ ಬಾಗಿಲ ಪಕ್ಕದ ಕುರ್ಚಿ ಹಿಡಿದಳು. ಎದ್ದು ಹೋಗಲು ಅನುಕೂಲವಾಗಲಿ ಎಂದು.

ಮಾಸ್ತರರು ಎಲ್ಲರಿಗೂ ಒಂದೊಂದು ಕಾಗದ ಕೊಟ್ಟರು. ಅದರಲ್ಲಿ ನಾಲ್ಕು ಸಾಲಿನ ಜೋಕು.

“ಇವತ್ತು ಯಾರೂ ಹೇಳ್ಲಿಕ್ಕಿಲ್ಲ. ಓದ್ಲಿಕ್ಕೆ ಮಾತ್ರ. ಕಾಗದ ಮುಖಕ್ಕೆ ಅಡ್ಡ ಇರ್ಲಿ, ಪರ್ವಾಗಿಲ್ಲ. ನಗಿಸ್ಬೇಕು ಅಂತ ಉಂಟಾ? ಇಲ್ಲ. ಕಡೇ ಕುರ್ಚಿಯವರಿಗೆ ಕೇಳಿದ್ರೆ ಸಾಕು.”

ಕುಶಲ ಕಾಗದ ಅಡ್ಡ ಹಿಡಿದೇ ಓದಿದಳು. ಯಾರೂ ನಗಲಿಲ್ಲ, ಯಾರೂ ಸಾಯಲೂ ಇಲ್ಲ. ಮುಂದಿನ ವಾರದ ಮನೆಪಾಠ: ತನಗೆ ನಿಜಕ್ಕೂ ನಗು ಬಂದ ಒಂದು ಜೋಕನ್ನು ಬರೆದು, ಮನೆಯಲ್ಲಿ ಒಬ್ಬರಿಗೆ ಹೇಳುವುದು.

ಮನೆಯಲ್ಲಿದ್ದ ಒಬ್ಬರೆಂದರೆ ಗಂಡ ಧರ್ಮಪಾಲ, ಥಾಣೆಯ ವಾಗ್ಳೆ ಎಸ್ಟೇಟಿನ ಒಂದು ಹೋಟೆಲಿನಲ್ಲಿ ಸಪ್ಲೈಯರುಗಳ ಮೇಲಿನ ಕ್ಯಾಪ್ಟನ್. ಅವನು ಚಹಾ ಕುಡಿಯುವಾಗ ಕುಶಲ ಒಂದೇ ಉಸಿರಿಗೆ ಹೇಳಿದಳು: ಒಬ್ಬ ಗಿರಾಕಿ ಹೋಟೆಲಿಗೆ ಬಂದು, ನಿನ್ನೆ ಸಾಂಬಾರ್ ಎಷ್ಟು ಚೆನ್ನಾಗಿತ್ತು, ಇವತ್ತು ಯಾಕೆ ಹೀಗಿದೆ ಅಂತ ಕೇಳಿದನಂತೆ, ಆಗ ಇದು ನಿನ್ನೆಯದೇ ಸಾಂಬಾರ್ ಸಾರ್ ಅಂತ ಆ ಸಪ್ಲೈಯರ್ ಆ ಗಿರಾಕಿಗೆ ಹೇಳಿದನಂತೆ.

ಧರ್ಮಪಾಲ ಕಾದ. ತುಳುವಿನಲ್ಲಿ ಕೇಳಿದ: “ಬೊಕ್ಕ ದಾನೆ?” ಆಮೇಲೆ ಏನಾಯಿತು ಎಂದು.

“ಅಷ್ಟೆ.”

“ನಮ್ಮ ಹೋಟೆಲಲ್ಲಿ ದಿನಾ ಹೊಸತೇ ಮಾಡುದು” ಎಂದು ಅವನು ಲೋಟ ಕೆಳಗಿಟ್ಟ. ಅವನ ಮುಖದಲ್ಲಿ ಸ್ವಲ್ಪ ಬೇಸರವೂ ಇತ್ತು.

ಕುಶಲ ಇದನ್ನು ವರದಿ ಮಾಡಿದಾಗ ಮಾಸ್ತರರು ಖುಷಿಪಟ್ಟರು. “ಎರಡು ಪಾಠ ಸಿಕ್ಕಿತು ನಿಮಗೆ. ಹೋಟೆಲಿನವರಿಗೆ ಹಳೇ ಸಾಂಬಾರಿನ ಜೋಕು ಹೇಳಿದ್ರಿ, ಅದು ಒಂದು. ಮತ್ತೆ, ‘ಆಮೇಲೆ?’ ಅಂತ ಯಾವಾಗ ಕೇಳ್ತಾರೆ? ಕೊನೆಯ ಮಾತು ಕೊನೆಗೆ ಬರದೆ ಇದ್ದಾಗ. ನಮ್ಮ ಕನ್ನಡಕ್ಕೆ ಒಂದು ಬಾಲ ಉಂಟು, ‘ಅಂತ ಹೇಳಿದನಂತೆ’. ನಗುವ ಜಾಗಕ್ಕೆ ಈ ಬಾಲ ಬಂದು ಕೂತ್ಕೊಳ್ತದೆ. ಯಾರು ಹೇಳಿದ್ದು ಅನ್ನೋದನ್ನ ಮೊದ್ಲೇ ಮುಗಿಸಿ ಬಿಡಿ.”

ಕುಶಲ ಅಲ್ಲೇ ಕುಳಿತು ತಿದ್ದಿದಳು. ಗಿರಾಕಿ ಕೇಳಿದ: “ಏನಯ್ಯ, ಸಾಂಬಾರ್ ನಿನ್ನೆ ಎಷ್ಟು ಚೆನ್ನಾಗಿತ್ತು, ಇವತ್ತು ಯಾಕೆ ಹೀಗೆ?” ಸಪ್ಲೈಯರ್ ಹೇಳಿದ: “ಸಾರ್, ಸಾಂಬಾರ್ ಅದೇ.” ‘ಹೇಳಿದ’ ಎಂಬಲ್ಲಿ ಒಂದು ಉಸಿರಿನಷ್ಟು ನಿಲ್ಲುವುದು. ತಾನು ಮೊದಲು ನಗಬಾರದು. ಓದಿದಳು. ಉಳಿದ ಐವರಲ್ಲಿ ನಾಲ್ವರು ನಕ್ಕರು. ಮೂರನೆಯ ವಾರ ಕೊನೆಯ ಸಾಲಿಗೆ ಮಾತ್ರ ಕಾಗದ ಇಳಿಸಿ ಮುಖ ತೋರಿಸಬೇಕಾಯಿತು. ಐದನೆಯ ವಾರ ಕಾಗದವೇ ಇಲ್ಲ. ಮೊದಲ ಸಾಲು, ಕೊನೆಯ ಸಾಲು ಬಾಯಿಪಾಠ, ನಡುವಿನದು ಹೇಗೆ ಬಂದರೂ ಸರಿ.

ಅದೇ ಧೈರ್ಯದಲ್ಲಿ ಸೋಮವಾರ ಸಾಂಬಾರಿನ ಜೋಕನ್ನು ಹಿಂದಿಯಲ್ಲಿ ರೈಲಿನ ಗುಂಪಿಗೆ ಹೇಳಿದಳು. ಗುಂಪಿನ ತೃಪ್ತಿ ನಕ್ಕು ಪಕ್ಕದವಳ ಭುಜ ಹಿಡಿದುಕೊಂಡಳು. “ಅರೇ, ಯೇ ತೋ ಬೋಲ್ತೀ ಹೈ!” ಎಂದಳು ಇನ್ನೊಬ್ಬಳು, ಶ್ರದ್ಧಾ. ಇವಳಿಗೆ ಮಾತು ಬರುತ್ತದಲ್ಲ ಎಂದು. ಆ ದಿನವೆಲ್ಲ ಕುಶಲಳಿಗೆ ಕೌಂಟರಿನ ಕೆಲಸ ಹಗುರವಾಗಿತ್ತು.

ಮರುದಿನ ಅವರೇ ಇನ್ನೊಂದು ಜೋಕು ಕೇಳಿದರು. ಅವಳು ತಯಾರಾಗಿದ್ದಳು. ಸಂಘದಲ್ಲಿ ಎಲ್ಲರನ್ನೂ ನಗಿಸಿದ್ದ ಜೋಕು ಅದು: “ಡಾಕ್ಟ್ರೇ, ಕಾಲು ನೋವು.” “ಕಾಲೇ ಅಲ್ವಾ? ಅರ್ಧ ಆದ್ಮೇಲೆ ಬನ್ನಿ.” ಹಿಂದಿಗೆ ತಿರುಗಿಸಿದಾಗ ಕಾಲು ‘ಪೈರ್’ ಆಯಿತು, ಅರ್ಧ ‘ಆಧಾ’ ಆಯಿತು, ಎರಡಕ್ಕೂ ಸಂಬಂಧವೇ ಉಳಿಯಲಿಲ್ಲ. ನಾಲ್ಕು ಮುಖಗಳು ಅವಳನ್ನೇ ನೋಡುತ್ತಿದ್ದವು. ಕುಶಲ ವಿವರಿಸಲು ಹೊರಟಳು. ನಮ್ಮ ಭಾಷೆಯಲ್ಲಿ ಕಾಲು ಅಂದರೆ ಪೈರ್, ಪಾವ್ ಕೂಡ, ಅಂದರೆ ನಾಲ್ಕರಲ್ಲಿ ಒಂದು... ಮುಂಬ್ರಾ ಸ್ಟೇಷನ್ ದಾಟಿದರೂ ವಿವರಣೆ ಮುಗಿಯಲಿಲ್ಲ. “ಅಚ್ಛಾ ಅಚ್ಛಾ” ಎಂದು ಶ್ರದ್ಧಾ ಅವಳ ಕೈ ತಟ್ಟಿದಳು. ಆ ತಟ್ಟುವಿಕೆಯೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನದಿಂದ ಕುಶಲ ಬೇಗ ಹೊರಟು ಬೇರೆ ಗಾಡಿ ಹಿಡಿದಳು. ತೃಪ್ತಿಯ ಫೋನನ್ನು ಎತ್ತಲಿಲ್ಲ. ಭಾನುವಾರ ಮಾಸ್ತರರ ಮುಂದೆ ರೈಲಿನಲ್ಲಿ ನಡೆದದ್ದನ್ನು ಹೇಳಿ, “ನನ್ನಿಂದ ಆಗುದಿಲ್ಲ, ಬಿಟ್ಟುಬಿಡ್ತೇನೆ” ಎಂದಳು.

“ಬಿಡುವ ಮೊದ್ಲು ಕೇಳಿ” ಎಂದರು ತಾರಾನಾಥರು. “ಮೂವತ್ತೊಂದು ವರ್ಷ ನನ್ನ ಜೋಕಿಗೆ ಕ್ಲಾಸು ನಕ್ಕಿತು. ನಾನು ದೊಡ್ಡ ಹಾಸ್ಯಗಾರ ಅಂತ ಗ್ರಹಿಸಿದ್ದೆ. ರಿಟೈರ್ ಆಗಿ ನಮ್ಮ ಬಿಲ್ಡಿಂಗಿನ ಸೊಸೈಟಿ ಮೀಟಿಂಗಲ್ಲಿ ಅದೇ ಜೋಕು ಹೇಳಿದೆ. ಒಬ್ಬ, ‘ಮುಂದಿನ ವಿಷಯ?’ ಅಂದ. ಮಕ್ಕಳು ನಗ್ತಿದ್ದದ್ದು ಮಾರ್ಕಿಗೆ! ಈ ಕ್ಲಾಸು ಶುರು ಮಾಡಿದ್ದೇ ಅದ್ರಿಂದ. ಸತ್ತದ್ದು ಜೋಕು ಕುಶಲಕ್ಕ, ನೀವಲ್ಲ. ಸತ್ತದ್ದಕ್ಕೆ ಔಷಧ ಹಾಕ್ತಾ ಕೂರ್ಬಾರ್ದು. ‘ಇದು ಹಿಂದಿಗೆ ಬರುದಿಲ್ಲ’ ಅಂತ ಹೇಳಿ ಮುಂದೆ ಹೋಗುದು. ಶಬ್ದದ ಮೇಲೆ ನಿಂತ ಜೋಕು ಗಡಿ ದಾಟುದಿಲ್ಲ. ಮನುಷ್ಯರ ಮೇಲೆ ನಿಂತದ್ದು ದಾಟ್ತದೆ. ಅಂಥದ್ದು ನಿಮ್ಮ ಕೌಂಟರಿಗೆ ದಿನಾ ಬರುದಿಲ್ವಾ?”

ಬರುತ್ತಿತ್ತು. ಆ ವಾರ ಕುಶಲ ಒಂದು ನೋಟ್‌ಬುಕ್ ಇಟ್ಟಳು. ಶುಗರ್ ಟೆಸ್ಟಿಗೆ ಬಂದ ಒಬ್ಬ ಮುದುಕರ ಮಾತನ್ನು ಒಂಬತ್ತು ಸಾಲಿನಲ್ಲಿ ಬರೆದಳು. ಅವರ ಹೆಸರು, ಊರು ಹೊಡೆದುಹಾಕಿದಳು. ಮಳೆಯಿತ್ತು ಎಂಬುದನ್ನೂ, ತಾನು ಏನೆಂದುಕೊಂಡೆ ಎಂಬುದನ್ನೂ ಹೊಡೆದಳು. ಉಳಿದದ್ದು ಮೂರು ಸಾಲು.

ಸಂಘದ ಮಾಸಿಕ ಸಭೆಗೆ ಮೂವತ್ತು ಜನ ಬಂದಿದ್ದರು, ಅವರಲ್ಲಿ ಧರ್ಮಪಾಲನೂ ಇದ್ದ. ಆರೂ ಮಂದಿಗೆ ಎರಡೆರಡು ನಿಮಿಷ. ಕುಶಲ ಎದ್ದು ನಿಂತು, ಕಡೇ ಕುರ್ಚಿಯವರಿಗೆ ಕೇಳುವಂತೆ ಶುರುಮಾಡಿದಳು.

“ನಾನು ರಕ್ತಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡುದು. ಒಬ್ಬರು ಅಜ್ಜ ಬಂದ್ರು. ನಾನು ಕೇಳಿದೆ: ‘ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ?’ ಅಜ್ಜ ಹೇಳಿದ್ರು: ‘ಹೌದಮ್ಮ, ಪೂರ್ತಿ ಖಾಲಿ...’”

ನಿಂತಳು. ಆ ಒಂದು ಉಸಿರು ಬಹಳ ಉದ್ದವಿತ್ತು.

“‘...ಇಡ್ಲಿ ತಿನ್ನುವವರೆಗೆ.’”

ಮೊದಲು ಮುಂದಿನ ಸಾಲು, ಆಮೇಲೆ ಹಿಂದಿನದು ನಕ್ಕಿತು. ಧರ್ಮಪಾಲನೂ ನಕ್ಕ, ತಡವಾಗಿ, ಆದರೆ ಜೋರಾಗಿ. ಆ ಗದ್ದಲದಲ್ಲಿ ಅವಳ ಎರಡನೆಯ ಜೋಕು ತಲೆಯಿಂದಲೇ ಹಾರಿಹೋಯಿತು. “ಇನ್ನೊಂದಿತ್ತು, ಮರೆತುಹೋಯ್ತು” ಎಂದು ಹೇಳಿ ಕುಳಿತಳು. ಅದಕ್ಕೂ ನಗು ಬಂತು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಸೋಮವಾರ ಎಂಟು ಹನ್ನೆರಡಕ್ಕೆ ಹತ್ತಿದಾಗ ತೃಪ್ತಿ ಬ್ಯಾಗು ಸರಿಸಿ ಜಾಗ ಕೊಟ್ಟಳು. “ಕಿಧರ್ ಥೀ ಇತ್ನೇ ದಿನ್?” ಇಷ್ಟು ದಿನ ಎಲ್ಲಿದ್ದೆ ಎಂದು.

“ಉಸ್ ದಿನ್ ಕಾ ಜೋಕ್ ಮರ್ ಗಯಾ ಥಾ. ಶರಮ್ ಆಯೀ” ಎಂದಳು ಕುಶಲ. ಆ ದಿನ ಜೋಕು ಸತ್ತುಹೋಗಿತ್ತು, ನಾಚಿಕೆಯಾಯಿತು ಎಂದು.

“ಬಸ್, ಇತ್ನೀ ಸೀ ಬಾತ್?” ಇಷ್ಟಕ್ಕೇನಾ ಎಂದ ತೃಪ್ತಿ, ತನಗೂ ಒಂದು ಜೋಕು ಬರುತ್ತದೆ, ಆದರೆ ಯಾರ ಮುಂದೆಯೂ ಹೇಳಿಲ್ಲ ಎಂದಳು. ಕಿಟಕಿಯ ಕಡೆ ನೋಡುತ್ತ ತನ್ನ ಅತ್ತೆ ಮೊದಲ ಬಾರಿ ಲಿಫ್ಟ್ ಹತ್ತಿದ ಕಥೆ ಶುರುಮಾಡಿದಳು. ಎರಡು ಸಲ ಸಾಲು ತಪ್ಪಿ ಮತ್ತೆ ಹಿಂದಿನಿಂದ ಹೇಳಿದಳು. ಕುಶಲ ಅವಸರ ಮಾಡದೆ ಕೇಳುತ್ತ ಕುಳಿತಳು.