ಮೊದಲ ಪದ

ಆಸ್ಪತ್ರೆಯ ಉಪಕರಣ ಶುದ್ಧೀಕರಣ ಕೋಣೆಯಲ್ಲಿ ಇಬ್ಬರು ಗೆಳತಿಯರಿದ್ದರು. ಒಬ್ಬಳನ್ನು ಎಲ್ಲರೂ ರೇಡಿಯೊ ಅನ್ನುತ್ತಿದ್ದರು, ಇನ್ನೊಬ್ಬಳನ್ನು ಬೀಗ. ಕತ್ತರಿ, ಇಕ್ಕಳ ತೊಳೆಯುವ ಸಹಾಯಕಿಯರು ಹಬೆಯಂತ್ರ ನಡೆಸುವ ಕೆಲಸಕ್ಕೆ ಏರಬೇಕಾದರೆ ಬಾಯಿಮಾತಿನ ಪರೀಕ್ಷೆ ಪಾಸಾಗಬೇಕು. ಬೀಗ ಎರಡು ಸಲ ಫೇಲಾಗಿದ್ದಳು. ಮೂರನೆಯದೇ ಕೊನೆಯದು. ಈ ಸಲವೂ ತಪ್ಪಿದರೆ ಅವಳು ಜೀವನವಿಡೀ ತೊಳೆಯುವ ತೊಟ್ಟಿಯ ಮುಂದೆಯೇ ನಿಂತಿರಬೇಕು.

ಓದಿನಲ್ಲಿ ಅವರದು ಎಣ್ಣೆ ಸೀಗೆಕಾಯಿ. ರೇಡಿಯೊ ನಡುವಿನ ಪುಟ ತೆರೆದು ಗಟ್ಟಿಯಾಗಿ ಓದುತ್ತಾ ಅಡುಗೆಮನೆ ತುಂಬ ಓಡಾಡುವಳು. ಅವಳ ಅತ್ತೆಗೂ ತೊಳೆಯುವ ಕ್ರಮವೆಲ್ಲ ಬಾಯಿಪಾಠವಾಗಿತ್ತು. "ಪರೀಕ್ಷೆಗೆ ನಾನೇ ಹೋಗ್ಲೇನಮ್ಮಾ?" ಎಂದು ಆಕೆ ಕಾಲೆಳೆಯುತ್ತಿದ್ದರು. ಬೀಗ ಮಾತ್ರ ಮೊದಲ ಪುಟದಿಂದ ಹಿಡಿದು ಸಾಲುಸಾಲಿಗೂ ಗೆರೆ ಎಳೆಯುತ್ತಾ, ತುಟಿ ಪಿಟಕ್ಕೆನ್ನದೆ ಓದುವಳು. ಓದಿದ್ದನ್ನೇ ಮತ್ತೆ ಓದಿ, ಪುಟದ ಪರಿಚಯವನ್ನೇ ತಿಳಿವಳಿಕೆ ಅಂದುಕೊಳ್ಳುವಳು. ಒಬ್ಬಳು ಹೇಳುವುದು ಬೇಗ, ಆದರೆ ಹಿಂದುಮುಂದು. ಇನ್ನೊಬ್ಬಳಿಗೆ ಎಲ್ಲ ಗೊತ್ತು, ಆದರೆ ಹೊರಗೆ ಬಾರದು.

ಜಗಳವಾಡಿಯೇ ಯೋಜನೆ ಹುಟ್ಟಿತು. ಕೆಲಸ ಶುರುವಾಗುವ ಮೊದಲು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಮೊದಲು ಇಬ್ಬರೂ ಮೌನವಾಗಿ ಒಂದೇ ಪಾಠ ಓದಬೇಕು. ಅದು ರೇಡಿಯೊಗೆ ಶಿಕ್ಷೆ. ಆಮೇಲೆ ಪುಸ್ತಕ ಮುಚ್ಚಿ, ಚೀಟಿಗಳಲ್ಲಿ ಬರೆದಿಟ್ಟ ಪ್ರಶ್ನೆಗಳನ್ನು ಒಬ್ಬರನ್ನೊಬ್ಬರು ಕೇಳಬೇಕು. ಅದು ಬೀಗಕ್ಕೆ. ತಪ್ಪಿದ ಪ್ರಶ್ನೆಯ ಚೀಟಿ ನೀಲಿ ಡಬ್ಬಿಗೆ, ಅದು ನಾಳೆಯೇ ಮತ್ತೆ. ಸರಿಯಾದದ್ದು ಕೆಂಪು ಡಬ್ಬಿಗೆ, ವಾರ ಬಿಟ್ಟು ತೆಗೆಯುವುದು. ಆಗ ತಪ್ಪಿದರೆ ನಾಚಿಕೆಯಿಲ್ಲದೆ ನೀಲಿಗೆ ವಾಪಸ್. "ಗೊತ್ತು" ಅನ್ನುವ ಹಕ್ಕು ಪುಸ್ತಕ ಮುಚ್ಚಿದಾಗ ಮಾತ್ರ.

ದಿನ ಕಳೆದಂತೆ ನೀಲಿ ಡಬ್ಬಿ ಖಾಲಿಯಾಗುತ್ತಾ ಬಂತು. ರೇಡಿಯೊ ಬೀಗುತ್ತಿದ್ದಳು. ಪರೀಕ್ಷೆಯ ಹಿಂದಿನ ವಾರ ಕೋಣೆಯ ಮೇಲ್ವಿಚಾರಕಿ ಸಿಸ್ಟರ್ ಇಬ್ಬರನ್ನೂ ಕರೆದು ಅದೇ ಪ್ರಶ್ನೆಗಳನ್ನು ಕೇಳಿದರು. ಬೀಗದ ಬಾಯಿಂದ ಒಂದಕ್ಷರ ಹೊರಡಲಿಲ್ಲ. ರೇಡಿಯೊಗೆ ತಡೆಯಲಾಗದೆ "ಮೊದಲು ತಣ್ಣೀರಲ್ಲಿ..." ಅಂದಳು. ಅಷ್ಟೇ ಸಾಕಾಯಿತು, ಬೀಗ ಉಳಿದದ್ದನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದಳು.

ಸಿಸ್ಟರ್ ರೇಡಿಯೊ ಕಡೆ ತಿರುಗಿದರು. "ದಿನಾ ಹೀಗೇನಾ ನೀನು?"

ಹೌದು, ದಿನಾ ಹೀಗೇ. ಮೌನ ಸಹಿಸಲಾರದೆ ಪ್ರತಿ ಸಲವೂ ಮೊದಲ ಪದವನ್ನು ತಾನೇ ಅಂದುಬಿಡುತ್ತಿದ್ದಳು. ಕೆಂಪು ಡಬ್ಬಿಯ ಚೀಟಿಗಳಲ್ಲಿ ಅರ್ಧಕ್ಕರ್ಧ ತನ್ನ ಸುಳಿವಿನಿಂದಲೇ ಅಲ್ಲಿಗೆ ಸೇರಿದ್ದವು ಎಂದು ಅವಳಿಗೆ ಆಗ ಹೊಳೆಯಿತು. ಗೆಳತಿಗೆ ಸಹಾಯ ಮಾಡುತ್ತಾ ಮಾಡುತ್ತಾ ಅವಳ ಕುತ್ತಿಗೆ ಕುಯ್ದಿದ್ದಳು.

"ನೀನು ಬಾಯಿ ಮುಚ್ಚೋದನ್ನ ಕಲೀಬೇಕು," ಅಂದಳು ಬೀಗ. ಕೋಪವಿರಲಿಲ್ಲ, ಹೆದರಿಕೆಯಿತ್ತು.

"ನೀನು ಬಾಯಿ ಬಿಡೋದನ್ನ. ನಡಿ, ಎಲ್ಲಾ ನೀಲಿಗೆ ಸುರಿ."

ಉಳಿದ ದಿನಗಳಲ್ಲಿ ರೇಡಿಯೊ ಕೋಣೆಯ ಹೊರಗೆ ನಿಂತು ಬಾಗಿಲ ಸಂದಿಯಿಂದ ಪ್ರಶ್ನೆ ಕೇಳಿ, ಟವೆಲನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಮೊದಮೊದಲು ಒಳಗಿನಿಂದ ಏನೂ ಬರುತ್ತಿರಲಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ಮಾತು ಬರತೊಡಗಿತು. ನೀಲಿ ಡಬ್ಬಿ ಪೂರ್ತಿ ಖಾಲಿಯಾಗುವ ಮೊದಲೇ ಪರೀಕ್ಷೆ ಬಂದುಬಿಟ್ಟಿತು.

ಬೀಗ ಒಳಗೆ ಹೋದಳು. ಮುಂದಿನ ಸರದಿ ರೇಡಿಯೊದು. ಬಾಗಿಲು ಅರೆ ತೆರೆದಿತ್ತು, ಪರೀಕ್ಷಕರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಹಬೆಯಂತ್ರದಿಂದ ಉಪಕರಣದ ಪೊಟ್ಟಣ ತೆಗೆದ್ರಿ. ಮೇಲೆ ಅಂಟಿಸಿದ ಗುರುತಿನ ಪಟ್ಟಿಯ ಬಣ್ಣ ಬದಲಾಗಿದೆ. ಆದ್ರೆ ಪೊಟ್ಟಣ ಒದ್ದೆ. ಏನು ಮಾಡ್ತೀರಿ?"

ನೀಲಿ ಡಬ್ಬಿಯಲ್ಲಿ ಉಳಿದೇ ಹೋಗಿದ್ದ ಚೀಟಿ ಅದು. ಒಳಗೆ ಮೌನ. ಕುರ್ಚಿ ಕಿರುಗುಟ್ಟಿತು. ರೇಡಿಯೊದ ನಾಲಿಗೆಯ ತುದಿಗೆ ಮೊದಲ ಪದ ಬಂದು ಕೂತಿತ್ತು. ಸಣ್ಣಗೆ ಅಂದರೂ ಒಳಗೆ ಕೇಳುತ್ತಿತ್ತು. ಕೈಯಲ್ಲಿ ಟವೆಲಿರಲಿಲ್ಲ. ಮುಷ್ಟಿಯನ್ನೇ ಬಾಯಿಗೆ ತುರುಕಿ ಕಚ್ಚಿದಳು.

"ಬೇರೆ ಪ್ರಶ್ನೆ ಕೇಳ್ಲಾ?" ಅಂದರು ಪರೀಕ್ಷಕರು.

"ಬೇಡ ಸಾರ್," ಅಂದಳು ಬೀಗ. "ಒದ್ದೆ ಇದ್ರೆ ಅದು ಶುದ್ಧ ಅಲ್ಲ. ಪಟ್ಟಿ ಹೇಳೋದು ಹಬೆ ತಗುಲಿದೆ ಅಂತ ಮಾತ್ರ. ಆ ಪೊಟ್ಟಣ ಬಳಸ್ಬಾರ್ದು. ಬಿಚ್ಚಿ, ಹೊಸ ಬಟ್ಟೆ ಸುತ್ತಿ, ಮತ್ತೆ ಹಬೆಗೆ ಹಾಕ್ಬೇಕು. ಜಾಸ್ತಿ ತುಂಬಿದ್ವಾ, ಒಣಗೋಕೆ ಸಮಯ ಕಡಿಮೆ ಆಯ್ತಾ, ಅದನ್ನೂ ನೋಡ್ಬೇಕು."

ಪರೀಕ್ಷಕರು ಮುಂದಿನದನ್ನು ಕೇಳಿದರು, ಅದರ ಮುಂದಿನದನ್ನೂ. ಅವಳ ಮಾತು ನಿಲ್ಲಲಿಲ್ಲ.

ಹೊರಗೆ ಬಂದವಳು ಪಾಸಾದೆ ಅನ್ನಲೂ ಇಲ್ಲ. ರೇಡಿಯೊದ ಕೈಯ ಮೇಲಿನ ಹಲ್ಲಿನ ಗುರುತನ್ನು ಸವರಿದಳು. "ನೀನು ಹೊರಗಿರೋದು ಗೊತ್ತಿತ್ತು ಕಣೇ," ಅಂದಳು. "ಇಷ್ಟಾದ್ರೂ ಸುಮ್ನಿದ್ದಾಳೆ ಅಂದ್ರೆ, ನಂಗೆ ಬರುತ್ತೆ ಅಂತ ನಂಬಿದ್ದಾಳೆ ಅಂದ್ಕೊಂಡೆ."

ರೇಡಿಯೊ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಅವಳನ್ನು ಕರೆದರು.